ಸಹೋದ್ಯೋಗಿ ಪ್ರತಿ ವಾರ ತಮ್ಮ ಕೆಲಸ ನನ್ನ ಕೈಗೆ ದಾಟಿಸುತ್ತಿದ್ದಾರೆ. ಸ್ನೇಹ ಕೆಡದಂತೆ 'ಆಗಲ್ಲ' ಅನ್ನೋದು ಹೇಗೆ?

ವಾರದವರದಿ

ನಮ್ಮ ತಂಡದಲ್ಲಿ ಐದು ಜನ, ಎಲ್ಲರದ್ದೂ ಒಂದೇ ಹುದ್ದೆ. ಗ್ರಾಹಕರ ದೂರುಗಳ ವಾರದ ವರದಿ ಒಬ್ಬ ಸಹೋದ್ಯೋಗಿಯ ಜವಾಬ್ದಾರಿ. ಶುಕ್ರವಾರ ಸಂಜೆ 5ಕ್ಕೆ ಅದು ಮ್ಯಾನೇಜರ್ ಕೈ ಸೇರಬೇಕು. ಅವರು ರಜೆಯಲ್ಲಿದ್ದಾಗ ಒಂದು ಸಲ ನಾನು ಮಾಡಿಕೊಟ್ಟೆ. ಆಮೇಲಿಂದ ಶುಕ್ರವಾರ ಮೂರೂವರೆ ಆಯ್ತು ಅಂದ್ರೆ ಮೆಸೇಜ್ ಬರುತ್ತೆ: "ಇವತ್ತೊಂದು ದಿನ ನೋಡ್ಕೊಳ್ತೀಯಾ? ಅರ್ಧ ಗಂಟೆ ಕೆಲಸ ಅಷ್ಟೇ." ನಿಜವಾಗಿ ಒಂದೂವರೆ ಗಂಟೆ ಹಿಡಿಯುತ್ತೆ.

ಮನುಷ್ಯ ಒಳ್ಳೆಯವರು, ದಿನಾ ಜೊತೆಯಲ್ಲೇ ಊಟ. ಹಾಗಾಗಿ "ನೋಡ್ತೀನಿ" ಅಂತೀನಿ, ಕೊನೆಗೆ ಮಾಡ್ತೀನಿ. "ಇವತ್ತು ಬೇರೆ ಕೆಲಸ ಇದೆ" ಅಂದರೆ "ಪರವಾಗಿಲ್ಲ, ಆರು ಗಂಟೆಗೆ ಮಾಡು, ತಡ ಆಗುತ್ತೆ ಅಂತ ಮ್ಯಾನೇಜರ್‌ಗೆ ನಾನೇ ಹೇಳ್ತೀನಿ" ಅಂತಾರೆ. ಅದಕ್ಕೆ ಏನು ಹೇಳಬೇಕು ಅಂತ ತೋಚಲ್ಲ. ನೇರವಾಗಿ ಹೇಳಬೇಕು, ಆದರೆ ಮನಸ್ಸು ಮುರಿಯಬಾರದು. ಯಾವ ಮಾತು ಬಳಸಬೇಕು, ಯಾವಾಗ ಹೇಳಬೇಕು?

ನೇರಮಾತು

ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ? ಮುಂದಿನ ಶುಕ್ರವಾರ ಮೂರೂವರೆಗೆ ಮೆಸೇಜ್ ಬಂದ ಕೂಡಲೇ "ಆಗಲ್ಲ, ಇದು ನಿಮ್ಮ ಕೆಲಸ" ಅಂತ ಬರೆದು ಸುಮ್ಮನಾಗಿ. ಮ್ಯಾನೇಜರ್ ಹೆಸರನ್ನೂ ಆ ಮೇಲ್‌ಗೆ ಸೇರಿಸಿ. ಒಂದೇ ಸಲಕ್ಕೆ ನಿಂತು ಹೋಗುತ್ತೆ. ಉದ್ದುದ್ದ ಕಾರಣ ಕೊಡಬೇಡಿ. ಕೊಟ್ಟಷ್ಟೂ ಅವರು ಅದಕ್ಕೊಂದು ದಾರಿ ಹುಡುಕ್ತಾರೆ, ನೀವೇ ಬರೆದಿದ್ದೀರಲ್ಲ.

ತಂಡದಹೊಣೆ

ನೇರಮಾತು ಅವರು ಹೇಳಿದ್ದರಲ್ಲಿ ಕಾರಣದ ವಿಷಯ ಪೂರ್ತಿ ಸರಿ. ಉಳಿದದ್ದು ಈ ಪ್ರಸಂಗಕ್ಕೆ ಹೊಂದಲ್ಲ.

ಇಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು, ಇವತ್ತಿನ ಕೋರಿಕೆ. ಇನ್ನೊಂದು, ತಿಂಗಳುಗಟ್ಟಲೆ ನಡೆದು ಬಂದ ರೂಢಿ. ಕಾಗದದ ಮೇಲೆ ವರದಿ ಅವರದ್ದು, ಆದರೆ ಕೆಲಸ ಈಗಾಗಲೇ ನಿಮ್ಮ ಕೈಗೆ ಬಂದಾಗಿದೆ. ಮ್ಯಾನೇಜರ್‌ಗೂ ಬಹುಶಃ ನಿಮ್ಮ ಹೆಸರಿಂದಲೇ ವರದಿ ಬಂದು ಅಭ್ಯಾಸ. ಅಂಥಾದ್ದನ್ನು ಶುಕ್ರವಾರ ಮೂರೂವರೆಗೆ ಏಕಾಏಕಿ ಕೈಬಿಟ್ಟರೆ ಐದಕ್ಕೆ ವರದಿ ಇರಲ್ಲ, ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತೆ. ಆ ಒತ್ತಡ ತಾಳಲಾರದೆ ನಾಲ್ಕೂವರೆಗೆ ನೀವೇ ಕೂತು ಮಾಡಿಬಿಡ್ತೀರಿ. ಹಾಗಾದರೆ ಮೊದಲಿಗಿಂತ ಪರಿಸ್ಥಿತಿ ಹದಗೆಟ್ಟಿತು ಅಂತಲೇ ಅರ್ಥ, ಯಾಕಂದ್ರೆ ಒಂದು ಗಂಟೆ ಕಾದರೆ ನೀವು ಒಪ್ಪುತ್ತೀರಿ ಅಂತ ಅವರಿಗೆ ಗೊತ್ತಾಯಿತು.

ಆದ್ದರಿಂದ ರೂಢಿಯನ್ನು ಮುಗಿಸುವ ಮಾತು ಬೇರೆ ದಿನ, ಬೇರೆ ಹೊತ್ತಲ್ಲಿ ಆಗಬೇಕು. ಸೋಮವಾರ ಅಥವಾ ಮಂಗಳವಾರ, ಇಬ್ಬರೇ ಇರುವಾಗ, ಎದುರಾಬದುರು. ಊಟದ ಮೇಜು ಬೇಡ, ಅಲ್ಲಿ ಬೇರೆಯವರು ಇರ್ತಾರೆ ಮತ್ತು ಮಾತು ತಮಾಷೆಗೆ ತಿರುಗುತ್ತೆ. ಮೆಸೇಜ್ ಕೂಡ ಬೇಡ, ಬರಹದಲ್ಲಿ ದನಿ ಕೇಳಿಸಲ್ಲ. ಹತ್ತು ನಿಮಿಷ ಸಾಕು.

ಮಾತು ಹೆಚ್ಚುಕಡಿಮೆ ಹೀಗಿರಲಿ: "ಶುಕ್ರವಾರದ ವರದಿ ಬಗ್ಗೆ ಒಂದು ಮಾತು. ಇಷ್ಟು ದಿನ ನಾನು ಮಾಡಿಕೊಟ್ಟೆ, ಬೇಸರ ಇಲ್ಲ. ಆದರೆ ಇನ್ನು ಮುಂದುವರಿಸೋಕೆ ಆಗಲ್ಲ. ಈ ಶುಕ್ರವಾರ ನೀವು ಮಾಡಿ, ನಾನು ಪಕ್ಕದಲ್ಲಿ ಕೂರ್ತೀನಿ. ಮುಂದಿನ ಶುಕ್ರವಾರ ಸಿಕ್ಕಿಹಾಕಿಕೊಂಡರೆ ನಾಲ್ಕು ಗಂಟೆವರೆಗೆ ಕೇಳಿ, ಹೇಳ್ತೀನಿ. ಅದರ ಮುಂದಿನ ವಾರದಿಂದ ಪೂರ್ತಿ ನಿಮ್ಮದು."

ಈ ಮಾತಲ್ಲಿ ದಿನಾಂಕ ಇದೆ, ಹಸ್ತಾಂತರ ಇದೆ, ಕೊನೆ ಇದೆ. ಆರೋಪ ಇಲ್ಲ, ಕ್ಷಮೆ ಕೇಳೋದೂ ಇಲ್ಲ. "ನೀವು ಯಾವಾಗಲೂ ನನ್ನ ಮೇಲೆ ಹಾಕ್ತೀರಿ" ಅಂತ ಶುರು ಮಾಡಿದರೆ ಅವರು ಆ 'ಯಾವಾಗಲೂ' ಹಿಡಿದು ವಾದಕ್ಕೆ ಕೂರ್ತಾರೆ, ವರದಿ ಪಕ್ಕಕ್ಕೆ ಹೋಗುತ್ತೆ.

ನೇರಮಾತು

ಎರಡು ವಾರ ಯಾಕೆ ಮೇಡಂ? ಅವರ ಕೆಲಸ ಅವರಿಗೆ ಕಲಿಸಿಕೊಡೋಕೂ ಇವರೇ ಕೂರಬೇಕಾ?

ತಂಡದಹೊಣೆ

ಅವರಿಗೆ ಆ ಕೆಲಸ ಬರುತ್ತಾ ಅನ್ನೋದೇ ನಮಗೆ ಗೊತ್ತಿಲ್ಲವಲ್ಲ. ಪದೇ ಪದೇ ಕೇಳುವವರಲ್ಲಿ ಮೂರು ಬಗೆ ಇರ್ತಾರೆ: ನಿಜವಾಗಿ ಹೊತ್ತಿಲ್ಲದವರು, ಕೆಲಸ ಗೊತ್ತಿಲ್ಲದವರು, ಕೆಲಸ ಇಷ್ಟವಿಲ್ಲದವರು. ಮೂವರ ಬಾಯಲ್ಲೂ ಬರೋ ಮಾತು ಒಂದೇ, "ಇವತ್ತು ತುಂಬಾ ಬ್ಯುಸಿ". ವ್ಯತ್ಯಾಸ ತಿಳಿಯೋದು ಕೇಳುವ ಹೊತ್ತಿನಿಂದ.

ಹೊತ್ತಿಲ್ಲದವರಿಗೆ ಬುಧವಾರವೇ ಗೊತ್ತಿರುತ್ತೆ, ಆಗಲೇ ಕೇಳ್ತಾರೆ, ಮತ್ತು ಅವರ ಬ್ಯುಸಿ ವಾರ ವಾರಕ್ಕೆ ಬದಲಾಗುತ್ತೆ. ಗೊತ್ತಿಲ್ಲದವರು ಫೈಲ್ ತೆರೆದು, ಅರ್ಧ ಮಾಡಿ, ಎಲ್ಲೋ ಒಂದು ಕಡೆ ನಿಂತುಹೋಗಿ, ಕೊನೇ ಗಳಿಗೆಯಲ್ಲಿ ಕೇಳ್ತಾರೆ. ಇಷ್ಟವಿಲ್ಲದವರು ಫೈಲ್ ತೆರೆದೇ ಇರಲ್ಲ. ವಾರದವರದಿ ಅವರೇ, ಒಂದು ನೋಡಿ: ನಿಮ್ಮ ಕೈಗೆ ಫೈಲ್ ಬಂದಾಗ ಅದರಲ್ಲಿ ಏನಾದರೂ ಕೆಲಸ ಆಗಿರುತ್ತಾ, ಇಲ್ಲಾ ಪೂರ್ತಿ ಖಾಲಿಯಾ?

ವಾರದವರದಿ

ಒಳ್ಳೆ ಪ್ರಶ್ನೆ. ಈಗ ಯೋಚನೆ ಮಾಡಿದರೆ, ದೂರುಗಳ ಪಟ್ಟಿ ಇಳಿಸಿಕೊಂಡಿರ್ತಾರೆ. ಒಂದೇ ದೂರು ಫೋನಲ್ಲೂ ಮೇಲಲ್ಲೂ ಬಂದಿದ್ದರೆ ಅದನ್ನೂ ಒಂದು ಮಾಡಿರ್ತಾರೆ. ಆಮೇಲೆ ಯಾವ ದೂರು ಯಾವ ವರ್ಗಕ್ಕೆ ಅಂತ ಹಾಕೋ ಕೆಲಸ ಹಾಗೇ ಉಳಿದಿರುತ್ತೆ. 'ಇತರೆ' ಅನ್ನೋದರಲ್ಲಿ ನಲವತ್ತೈವತ್ತು ಸಾಲು ಬಿದ್ದಿರುತ್ತೆ.

ತಂಡದಹೊಣೆ

ಹಾಗಿದ್ದರೆ ನಿಮ್ಮ ಸಹೋದ್ಯೋಗಿ ಬಹುಮಟ್ಟಿಗೆ ಎರಡನೇ ಬಗೆಯವರು. ವರ್ಗೀಕರಣದಲ್ಲಿ ನಿಂತುಹೋಗ್ತಾರೆ, ಅದನ್ನು ಹೇಳಿಕೊಳ್ಳೋಕೆ ಸಂಕೋಚ. ಅವರಿಗೆ "ಆಗಲ್ಲ" ಮಾತ್ರ ಹೇಳಿದರೆ ಮುಂದಿನ ವಾರ ಇನ್ನೊಬ್ಬರನ್ನು ಕೇಳ್ತಾರೆ, ಇಲ್ಲಾ ಐವತ್ತು ಸಾಲನ್ನೂ 'ಇತರೆ'ಯಲ್ಲೇ ಬಿಟ್ಟು ಕಳಿಸ್ತಾರೆ.

ನೇರಮಾತು ಅವರು ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ಪಕ್ಕದಲ್ಲಿ ಕೂರೋದು ಒಂದೇ ಸಲ, ಮುಕ್ಕಾಲು ಗಂಟೆ. ಮೌಸ್ ಅವರ ಕೈಯಲ್ಲೇ ಇರಬೇಕು, ಇದು ಬಹಳ ಮುಖ್ಯ. "ಕೊಡಿ, ತೋರಿಸ್ತೀನಿ" ಅಂತ ನೀವು ತಗೊಂಡ ಕ್ಷಣದಿಂದ ಅದು ಮತ್ತೆ ನಿಮ್ಮ ಕೆಲಸ. ಅವರು ಒಂದು ಸಾಲು ಓದಲಿ, ಯಾವ ವರ್ಗ ಅಂತ ಅವರೇ ಹೇಳಲಿ, ತಪ್ಪಾದರೆ ಯಾಕೆ ಅಂತ ನೀವು ಹೇಳಿ. "ಹಣ ಎರಡು ಸಲ ಕಟ್ಟಾಗಿದೆ, ಕೇಳಿದರೆ ಯಾರೂ ಉತ್ತರ ಕೊಡಲ್ಲ" ಅನ್ನೋ ದೂರು ಬಿಲ್ಲಿಂಗ್‌ಗಾ, ಸ್ಪಂದನೆಗಾ? ಇಂಥ ಇಬ್ಬಂದಿ ಸಾಲುಗಳಲ್ಲೇ ಜನ ನಿಂತುಹೋಗೋದು. ಹತ್ತು ಹದಿನೈದು ಇಂಥವು ಬಗೆಹರಿದರೆ ನಿಯಮ ತಾನಾಗೇ ಹೊರಬರುತ್ತೆ: ದೂರು ಶುರುವಾಗೋಕೆ ಕಾರಣವಾದದ್ದು ಯಾವುದೋ ಅದೇ ವರ್ಗ. ಅದನ್ನು ಅವರ ಕೈಯಿಂದಲೇ ಒಂದು ಪುಟದಲ್ಲಿ ಬರೆಸಿ. ನೀವು ಬರೆದುಕೊಟ್ಟ ಪುಟ ಕಳೆದುಹೋಗುತ್ತೆ, ಅವರು ಬರೆದದ್ದು ಉಳಿಯುತ್ತೆ.

ಮುಕ್ಕಾಲು ಗಂಟೆ ದುಬಾರಿ ಅನಿಸಬಹುದು. ವಾರಕ್ಕೆ ಒಂದೂವರೆ ಗಂಟೆ ಅಂದರೆ ತಿಂಗಳಿಗೆ ಆರು ಗಂಟೆ, ಹೆಚ್ಚುಕಡಿಮೆ ಒಂದು ಕೆಲಸದ ದಿನ ಹೋಗ್ತಿದೆ. ಅದರ ಮುಂದೆ ಇದು ಏನೂ ಅಲ್ಲ.

ಹೊಸಮಹಡಿ

ನನ್ನದೂ ಇದೇ ಕಥೆ. ನಮ್ಮ ಬಾಸ್ ಪ್ರತಿ ಸಲ ಬೇರೆಯವರ ಕೆಲಸ ತಂದು ನನಗೆ ಕೊಡ್ತಾರೆ. ಇದೇ ತರ "ಆಗಲ್ಲ, ದಿನಾಂಕ ಇಂಥದ್ದು" ಅಂತ ಹೇಳಿಬಿಡಲಾ?

ತಂಡದಹೊಣೆ

ಹೊಸಮಹಡಿ ಅವರೇ, ಇಲ್ಲಿ ಮಾತಾಡ್ತಿರೋದು ಸಮಾನ ಹುದ್ದೆಯವರ ಬಗ್ಗೆ. ಕೆಲಸ ಹಂಚೋದು ಬಾಸ್ ಅಧಿಕಾರ, ಹಾಗಾಗಿ ಅವರಿಗೆ ಇದೇ ಮಾತು ಹೇಳಬೇಡಿ. "ಇದನ್ನು ತಗೊಂಡರೆ ಗುರುವಾರ ಕೊಡಬೇಕಾದ ಆ ಕೆಲಸ ಸೋಮವಾರಕ್ಕೆ ಹೋಗುತ್ತೆ, ಯಾವುದು ಮೊದಲು ಬೇಕು?" ಅಂತ ಕೇಳಿ. ತೀರ್ಮಾನ ಅವರದ್ದೇ ಆಗಲಿ. ಬೇರೆ ಪ್ರಶ್ನೆಯಾಗಿ ಹಾಕಿದರೆ ವಿವರವಾಗಿ ಮಾತಾಡೋಣ.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ನಮ್ಮಲ್ಲಿ ವರದಿ ಅಲ್ಲ, ಪಾಳಿಯನ್ನೇ ಕೇಳ್ತಾರೆ. "ಭಾನುವಾರ ನನ್ನ ರಾತ್ರಿ ಪಾಳಿ ಮಾಡು, ಮುಂದೆ ನಿನಗೆ ಮಾಡ್ತೀನಿ" ಅಂತ. ಆ 'ಮುಂದೆ' ಬರೋದೇ ಇಲ್ಲ. ಕಲಿಸಿಕೊಡೋ ಮಾತೇ ಇಲ್ಲಿ ಹೊಂದಲ್ಲ, ಕೆಲಸ ಇಬ್ಬರಿಗೂ ಗೊತ್ತು. ಇದಕ್ಕೇನು ಹೇಳ್ತೀರಿ?

ಮಾನವಸಂಪನ್ಮೂಲ

ಪಾಳಿ ವಿಷಯದಲ್ಲಿ ದಾರಿ ಸುಲಭ, ಯಾಕಂದ್ರೆ ಲೆಕ್ಕ ಕಣ್ಣಿಗೆ ಕಾಣುತ್ತೆ. ಹಾಗೇ ಬಿಟ್ಟಿ ಕೊಡೋದನ್ನು ನಿಲ್ಲಿಸಿ ಅದಲುಬದಲು ಮಾತ್ರ ಒಪ್ಪಿಕೊಳ್ಳಿ. "ಭಾನುವಾರ ರಾತ್ರಿ ನಾನು ಮಾಡ್ತೀನಿ, ನನ್ನ ಗುರುವಾರ ರಾತ್ರಿ ನೀವು ಮಾಡಿ. ಎರಡೂ ಸೇರಿಸಿ ರೋಸ್ಟರ್ ನೋಡುವವರಿಗೆ ಒಂದೇ ಮೆಸೇಜಲ್ಲಿ ಕಳಿಸೋಣ." ಎರಡೂ ದಿನಾಂಕ ಒಂದೇ ಮೆಸೇಜಲ್ಲಿ ಇರಬೇಕು. ಒಂದು ಇವತ್ತು, ಇನ್ನೊಂದು ಆಮೇಲೆ ಅಂತಾದರೆ ಎರಡನೆಯದು ಬರಲ್ಲ. ಅವರು ಗುರುವಾರಕ್ಕೆ ಒಪ್ಪದಿದ್ದರೆ "ಹಾಗಾದರೆ ಭಾನುವಾರ ನನಗೂ ಕಷ್ಟ" ಅನ್ನಬಹುದು, ಅದರಲ್ಲಿ ನಿಷ್ಠುರದ ಮಾತೇ ಇಲ್ಲ.

ಇನ್ನೊಂದು. ಬಾಯಿಮಾತಿನ ಬದಲಾವಣೆ ಮಾಡಿಕೊಂಡು ರೋಸ್ಟರ್‌ನಲ್ಲಿ ಹೆಸರು ಬದಲಾಗದಿದ್ದರೆ, ಆ ರಾತ್ರಿ ಏನಾದರೂ ಆದಾಗ ಹೊಣೆ ಯಾರದ್ದು ಅಂತ ಗೊಂದಲ. ರಾತ್ರಿ ಪಾಳಿ ಮುಗಿಸಿ ಅದರ ಬೆನ್ನಿಗೇ ಬೆಳಗಿನ ಪಾಳಿ ಮಾಡಿ ಅಂತ ಕೇಳಿದರೆ ಅದಲುಬದಲಿಗೂ ಒಪ್ಪಬೇಡಿ. ನಿದ್ದೆಗೆಟ್ಟು ಔಷಧದ ಪ್ರಮಾಣ ತಪ್ಪಿದರೆ ಪೆಟ್ಟು ಬೀಳೋದು ರೋಗಿಗೆ. "ಎರಡು ಪಾಳಿ ಒಟ್ಟಿಗೆ ನಾನು ಮಾಡಲ್ಲ" ಅಂದರೆ ಸಾಕು.

ರಾತ್ರಿಪಾಳಿ

ಒಂದೇ ಮೆಸೇಜಲ್ಲಿ ಎರಡೂ ದಿನಾಂಕ. ಇದು ಹೊಳೆದಿರಲಿಲ್ಲ. ಧನ್ಯವಾದ.

ಮಾನವಸಂಪನ್ಮೂಲ

ಮೂಲ ಪ್ರಶ್ನೆಗೂ ಒಂದು ಸೇರಿಸ್ತೀನಿ. ವರದಿ ಮಾಡುವಾಗ ನೀವು ಯಾರ ಲಾಗಿನ್ ಬಳಸ್ತೀರಿ? ಅವರ ಪಾಸ್‌ವರ್ಡ್ ತಗೊಂಡು ಅವರ ಹೆಸರಲ್ಲಿ ಮಾಡ್ತಿದ್ದರೆ ಇವತ್ತೇ ನಿಲ್ಲಿಸಿ, ಎರಡು ವಾರದ ಗಡುವೂ ಬೇಡ. ಅಂಕಿ ತಪ್ಪಿದರೆ ಅವರು "ನಾನು ಮಾಡಿಲ್ಲ" ಅಂತಾರೆ, ದಾಖಲೆ "ಅವರೇ ಮಾಡಿದ್ದು" ಅನ್ನುತ್ತೆ, ನಡುವೆ ಪಾಸ್‌ವರ್ಡ್ ಹಂಚಿಕೊಂಡ ತಪ್ಪು ಇಬ್ಬರ ತಲೆಗೂ ಬರುತ್ತೆ.

ವಾರದವರದಿ

ಇಲ್ಲ, ನನ್ನ ಲಾಗಿನ್‌ನಿಂದಲೇ ಮಾಡ್ತೀನಿ.

ತಂಡದಹೊಣೆ ಮೇಡಂ, ಸೋಮವಾರದ ಮಾತು ಆಯ್ತು ಅಂತಿಟ್ಟುಕೊಳ್ಳೋಣ. ಅವರು "ಸರಿ ಸರಿ" ಅಂತಾರೆ, ನನಗೆ ಅವರು ಗೊತ್ತು. ಮೂರನೇ ಶುಕ್ರವಾರ ಮತ್ತೆ ಮೂರೂವರೆಗೆ ಮೆಸೇಜ್ ಬಂದೇ ಬರುತ್ತೆ. ಆಗ?

ತಂಡದಹೊಣೆ

ಬರುತ್ತೆ. ಬರಲಿ ಅಂತಲೇ ಸಿದ್ಧವಾಗಿರಿ. ಇಷ್ಟು ದಿನ ಕೇಳಿದಾಗ ಸಿಕ್ಕಿದ್ದು ಒಮ್ಮೆಲೇ ನಿಂತರೆ ಯಾರೂ ತಕ್ಷಣ ಕೇಳೋದು ಬಿಡಲ್ಲ, ಸ್ವಲ್ಪ ದಿನ ಇನ್ನೂ ಜೋರಾಗಿ ಕೇಳ್ತಾರೆ. ಬಹಳ ಜನ ಇಲ್ಲೇ ಸೋಲೋದು. "ನಾನು ಹೇಳಿದ್ದು ನಾಟಲಿಲ್ಲ" ಅಂದುಕೊಂಡು ಬಿಟ್ಟುಕೊಡ್ತಾರೆ. ನಿಜಕ್ಕೂ ನಾಟಿರೋದರಿಂದಲೇ ಕೋರಿಕೆ ಹೆಚ್ಚಾಗಿರುತ್ತೆ. ಮೂರು ಸಲ ಇಲ್ಲ ಅಂದು ನಾಲ್ಕನೇ ಸಲ ಹೂಂ ಅಂದರೆ, ನಾಲ್ಕು ಸಲ ಕೇಳಬೇಕು ಅಂತ ನೀವೇ ಕಲಿಸಿದ ಹಾಗೆ. ಅದಕ್ಕಿಂತ ಮೊದಲ ಸಲವೇ ಮಾಡಿಕೊಡೋದು ವಾಸಿ.

ಉತ್ತರ ಎರಡು ಸಾಲು ಮೀರದಿರಲಿ, ಮತ್ತು ಬೇಗ ಹೋಗಲಿ. "ಇವತ್ತು ಆಗಲ್ಲ. ವರ್ಗದ್ದೇನಾದರೂ ಡೌಟ್ ಇದ್ದರೆ ನೀವು ಬರೆದಿಟ್ಟ ಪುಟದಲ್ಲಿ ಇದೆ ನೋಡಿ." ಅಷ್ಟೇ. "ನೋಡ್ತೀನಿ", "ಪ್ರಯತ್ನ ಮಾಡ್ತೀನಿ", "ಆಗೋದು ಕಷ್ಟ" ಇವೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಕೇಳಿದವರು ಅದನ್ನು ಹೂಂ ಅಂತಲೇ ಎಣಿಸ್ತಾರೆ. ಅಷ್ಟೊತ್ತಿಗೆ ಬೇರೆ ದಾರಿ ಹುಡುಕೋದನ್ನೂ ಬಿಟ್ಟಿರ್ತಾರೆ. ಒಂದು ಗಂಟೆ ಬಿಟ್ಟು ಇಲ್ಲ ಅಂದರೆ ಆಗ ಅವರಿಗೆ ಬರೋ ಸಿಟ್ಟು ನ್ಯಾಯವೇ. ಇಲ್ಲ ಅನ್ನೋದನ್ನು ಐದು ನಿಮಿಷದೊಳಗೆ ಹೇಳಿದರೆ ಅವರ ಕೈಯಲ್ಲಿ ಇನ್ನೂ ಒಂದೂವರೆ ಗಂಟೆ ಇರುತ್ತೆ. ನೀವು ತೋರಿಸಬಹುದಾದ ನಿಜವಾದ ಸ್ನೇಹ ಅದೇ.

ಅವರು "ಯಾಕೆ?" ಅಂದರೆ ಮತ್ತದೇ ವಾಕ್ಯ. "ಆಗಲೇ ಮಾತಾಡಿದ್ವಲ್ಲ, ಇನ್ನು ನಾನು ತಗೊಳ್ಳಲ್ಲ." ಹೊಸ ಕಾರಣ ಸೇರಿಸಬೇಡಿ. ನೀವು "ಬೇರೆ ಕೆಲಸ ಇದೆ" ಅಂದಾಗ "ಆರಕ್ಕೆ ಮಾಡು" ಅಂತ ಬಂತಲ್ಲ, ಅವರ ದೃಷ್ಟಿಯಲ್ಲಿ ಅವರು ನಿಮಗೆ ಅನುಕೂಲವೇ ಮಾಡಿಕೊಟ್ಟರು. ನೀವು ಮುಂದಿಟ್ಟ ಅಡಚಣೆಯನ್ನು ತೆಗೆದರು, ಇನ್ನು ನೀವು ಒಪ್ಪಲೇಬೇಕು. ಕಾರಣವನ್ನೇ ಇಡದಿದ್ದರೆ ತೆಗೆಯೋಕೆ ಏನೂ ಇರಲ್ಲ.

ಹೆಗಲುಕೊಡು

ಇದೆಲ್ಲ ಓದುತ್ತಾ ನನಗೆ ಸ್ವಲ್ಪ ಕಸಿವಿಸಿ ಆಯ್ತು. ಜೊತೆಯಲ್ಲಿ ಕೂತು ಉಣ್ಣುವವರಿಗೆ ಕಾರಣವನ್ನೂ ಹೇಳದೆ ಎರಡು ಸಾಲಲ್ಲಿ ಇಲ್ಲ ಅನ್ನೋದಾ? ಅವರ ಮನೆಯಲ್ಲಿ ಏನಿದೆಯೋ, ಯಾರಿಗೆ ಹುಷಾರಿಲ್ಲವೋ. ಕಾರಣ ಹೇಳದಿದ್ದರೆ ಮನುಷ್ಯ ಅದನ್ನು ಅವಮಾನ ಅಂದುಕೊಳ್ತಾನೆ. ನನ್ನ ಪ್ರಕಾರ ನಿಜವಾದ ಕಾರಣ ಒಂದು ಹೇಳಲೇಬೇಕು.

ತಂಡದಹೊಣೆ

ನಿಮ್ಮ ಮಾತನ್ನು ತಳ್ಳಿಹಾಕಲ್ಲ. ಕಾರಣ ಹೇಳೋದಿದ್ದರೆ ಸೋಮವಾರದ ಮಾತಲ್ಲಿ, ಒಂದೇ ಸಲ, ಬದಲಾಗದಂಥದ್ದು ಹೇಳಿ: "ಶುಕ್ರವಾರ ಮಧ್ಯಾಹ್ನ ನನ್ನದೇ ಬಾಕಿ ಮುಗಿಸೋ ಹೊತ್ತು, ಅದನ್ನು ಇನ್ನು ಬಿಟ್ಟುಕೊಡಲ್ಲ." ಇದು ನಿಜವೂ ಹೌದು, ಆರು ಗಂಟೆಗೆ ತಳ್ಳಿದರೂ ಕರಗಲ್ಲ. ಶುಕ್ರವಾರ ಸಂಜೆಯ ಅವಸರದಲ್ಲಿ ಕಾರಣ ಹುಡುಕೋಕೆ ಹೋದರೆ ಸುಳ್ಳು ಬಾಯಿಗೆ ಬರುತ್ತೆ. "ಡಾಕ್ಟರ್ ಹತ್ತಿರ ಹೋಗಬೇಕು" ಅಂದು ಐದೂವರೆಗೆ ಕುರ್ಚಿಯಲ್ಲೇ ಕೂತಿರೋದನ್ನು ಅವರು ನೋಡಿದರೆ ಸ್ನೇಹ ಕೆಡೋದು ಅಲ್ಲಿ.

ಮನೆಯ ಕಷ್ಟ ಬೇರೆ ವಿಷಯ. ಅವರು ಹೇಳಿಕೊಂಡರೆ ಮಾಡಿಕೊಡಿ, ಆದರೆ ಕೊನೆ ದಿನ ಇಟ್ಟುಕೊಂಡು. "ಈ ತಿಂಗಳು ಮುಗಿಯೋವರೆಗೆ ವರದಿ ನಾನು ಮಾಡ್ತೀನಿ. ಸೋಮವಾರದ ಕಾಲ್‌ಗಳನ್ನು ನೀವು ತಗೊಳ್ಳಿ. ಮ್ಯಾನೇಜರ್‌ಗೂ ತಿಳಿಸಿರೋಣ." ಕಷ್ಟದಲ್ಲಿರುವವರು ಇದಕ್ಕೆ ಖುಷಿಯಿಂದ ಒಪ್ತಾರೆ, ಯಾಕಂದ್ರೆ ಪ್ರತಿ ಶುಕ್ರವಾರ ಕೇಳೋ ಮುಜುಗರ ಅವರಿಗೂ ತಪ್ಪುತ್ತೆ.

ಹೆಗಲುಕೊಡು

ಕೊನೆ ದಿನ ಇಟ್ಟು ಸಹಾಯ ಮಾಡೋದು ಒಪ್ಪುವ ಮಾತು. ಆದರೆ ಎಲ್ಲರೂ ಕಷ್ಟ ಹೇಳಿಕೊಳ್ಳಲ್ಲ ಮೇಡಂ. ಹೇಳದವರನ್ನೂ ಗಮನಿಸಬೇಕು ಅನ್ನೋದು ನನ್ನ ಅಭಿಪ್ರಾಯ, ಅದನ್ನು ಬಿಡಲ್ಲ.

ಕಡತ

ಹೇಳದೇ ಇರೋರಿಗೆ ಒಂದು ಬಾಗಿಲು ತೆರೆದಿಡಬಹುದು. ಸೋಮವಾರದ ಮಾತಿನ ಕೊನೆಗೆ "ಬೇರೆ ಏನಾದರೂ ತೊಂದರೆ ಇದ್ದರೆ ಹೇಳಿ, ಅದನ್ನ ಬೇರೆಯಾಗಿ ನೋಡೋಣ" ಅಂತ ಒಂದು ಸಾಲು ಸೇರಿಸಿ. ಹೇಳಿ ಅರ್ಧ ನಿಮಿಷ ಸುಮ್ಮನಿರಿ, ಆ ಮೌನವನ್ನು ತುಂಬಿಸೋಕೆ ಹೋಗಬೇಡಿ. ಅವರಿಗೆ ಹೇಳೋದಿದ್ದರೆ ಆಗ ಹೇಳ್ತಾರೆ.

ನನ್ನ ಕಡೆಯಿಂದ ಇನ್ನೊಂದು ಎಚ್ಚರಿಕೆ. ಇಲ್ಲ ಅಂದಮೇಲೆ ಕೋರಿಕೆ ವೇಷ ಬದಲಾಯಿಸಿಕೊಂಡು ಬರುತ್ತೆ. "ಪೂರ್ತಿ ಬೇಡ, ಆ ಇತರೆ ಸಾಲುಗಳನ್ನಷ್ಟೇ ನೋಡು" ಅಂತ ಚಿಕ್ಕದಾಗಿ ಬರಬಹುದು. ಆ ಸಾಲುಗಳೇ ಒಂದು ಗಂಟೆ ತಿನ್ನೋದು. "ಒಂದ್ಸಲ ಚೆಕ್ ಮಾಡಿಕೊಡು" ಅಂತ ಬರಬಹುದು. ಚೆಕ್ ಮಾಡುವಾಗ ತಪ್ಪು ಸಿಕ್ಕರೆ ನೀವೇ ತಿದ್ದಿಬಿಡ್ತೀರಿ. ತಿದ್ದಬೇಡಿ, "12ನೇ ಸಾಲು ಮತ್ತೆ ನೋಡಿ" ಅಂತ ಮಾತ್ರ ಹೇಳಿ. ಎಲ್ಲಕ್ಕಿಂತ ಕಷ್ಟವಾದದ್ದು ಮೀಟಿಂಗಲ್ಲಿ, ಮ್ಯಾನೇಜರ್ ಮುಂದೆಯೇ "ಈ ವಾರವೂ ವರದಿ ಇವರು ನೋಡ್ಕೊಳ್ತಾರೆ" ಅಂತ ಹೇಳಿಬಿಡೋದು.

ವಾರದವರದಿ

ಅಯ್ಯೋ, ಅದು ಆಗಿದೆ. ಹೋದ ತಿಂಗಳು. ನಾನು ತಲೆಯಾಡಿಸಿದೆ.

ಕಡತ

ಮೌನವೂ ಒಪ್ಪಿಗೆಯೇ ಆಗುತ್ತೆ, ಹಾಗಾಗಿ ಅಲ್ಲೇ, ಅದೇ ಮೀಟಿಂಗ್ ಮುಗಿಯೋದರೊಳಗೆ ಹೇಳಬೇಕು. ದನಿ ಏರಿಸದೆ, ಮುಖ ಗಂಟಿಕ್ಕದೆ: "ಈ ಶುಕ್ರವಾರ ನನ್ನ ಹತ್ತಿರ ಆಗಲ್ಲ. ವರದಿ ಅವರೇ ಮಾಡ್ತಾರೆ, ವರ್ಗಗಳನ್ನು ಒಟ್ಟಿಗೆ ಕೂತು ನೋಡಿದ್ದೀವಿ." ಮೊದಲ ವಾಕ್ಯದಲ್ಲಿ ನಿಮ್ಮ ಮಾತು ಸ್ಪಷ್ಟ, ಎರಡನೆಯದರಲ್ಲಿ ಅವರ ಮರ್ಯಾದೆ ಉಳಿಯಿತು, ಅವರಿಗೆ ಕೆಲಸ ಬರಲ್ಲ ಅಂತ ಯಾರೂ ಅಂದುಕೊಳ್ಳಲ್ಲ. "ನಾನು ಆಗಲೇ ಇಲ್ಲ ಅಂದಿದ್ದೆನಲ್ಲ" ಅಂತ ಹತ್ತು ಜನರ ಮುಂದೆ ಹೇಳಬೇಡಿ, ಅದು ಚುಚ್ಚುತ್ತೆ. ಮೀಟಿಂಗಲ್ಲಿ ಬಾಯಿ ಬರದಿದ್ದರೆ ಹೊರಗೆ ಬಂದ ಹತ್ತು ನಿಮಿಷದಲ್ಲಿ ಇಬ್ಬರಿಗೂ ಒಂದೇ ಮೆಸೇಜ್ ಹಾಕಿ. ಮಾರನೇ ದಿನಕ್ಕೆ ಬಿಟ್ಟರೆ ಅದು ಮಾತು ತಪ್ಪಿದ ಹಾಗೆ ಕಾಣುತ್ತೆ.

ನೇರಮಾತು

ನೋಡಿ, ಕೊನೆಗೆ ಮ್ಯಾನೇಜರ್ ಹತ್ತಿರವೇ ಬಂತು. ನಾನು ಮೊದಲೇ ಹೇಳಿದ್ದೆ. ಮೊದಲ ದಿನವೇ ಅವರಿಗೆ ತಿಳಿಸಿದ್ದರೆ ಈ ಮೀಟಿಂಗ್ ನಾಟಕ ಇರ್ತಿರಲಿಲ್ಲ.

ಮಾನವಸಂಪನ್ಮೂಲ

ಇದರಲ್ಲಿ ನಾನು ಅರ್ಧ ನೇರಮಾತು ಅವರ ಪಕ್ಷ. ವರದಿ ತಿಂಗಳುಗಟ್ಟಲೆ ಇವರ ಹೆಸರಲ್ಲಿ ಹೋಗಿದೆ ಅಂದಮೇಲೆ ಕೆಲಸ ಕೈ ಬದಲಾಗೋದು ಮ್ಯಾನೇಜರ್‌ಗೆ ಮೊದಲೇ ಗೊತ್ತಿರಬೇಕು. ದೂರಿನ ರೂಪದಲ್ಲಿ ಬೇಡ. "ಇಂಥ ದಿನಾಂಕದಿಂದ ವರದಿ ಮತ್ತೆ ಅವರಿಂದ ಬರುತ್ತೆ" ಅಂತ ಒಂದು ಸಾಲು ಸಾಕು.

ತಂಡದಹೊಣೆ

ಆ ಒಂದು ಸಾಲಿಗೆ ನನ್ನ ಅಡ್ಡಿ ಇಲ್ಲ, ಕ್ರಮಕ್ಕೆ ಮಾತ್ರ ಇದೆ. ಮೊದಲು ಸಹೋದ್ಯೋಗಿ, ಆಮೇಲೆ ಮ್ಯಾನೇಜರ್, ಮತ್ತು ಆ ಸಾಲನ್ನು ಸಹೋದ್ಯೋಗಿಯೇ ಕಳಿಸಿದರೆ ಇನ್ನೂ ಒಳ್ಳೇದು. ಮೊದಲೇ ಮ್ಯಾನೇಜರ್ ಕಿವಿಗೆ ಹೋದರೆ ಏನೂ ಹೇಳದೆ ಬೆನ್ನ ಹಿಂದೆ ಹೋದಿರಿ ಅನ್ನೋ ಮಾತು ಉಳಿದುಬಿಡುತ್ತೆ. ಐದು ಜನರ ತಂಡದಲ್ಲಿ ಅದು ಬೇಗ ಮಾಸಲ್ಲ. ಸ್ಪಷ್ಟವಾಗಿ ಹೇಳಿ, ಕಲಿಸಿಕೊಟ್ಟು, ಆಮೇಲೂ ಮೂರ್ನಾಲ್ಕು ವಾರ ಬಿಡದೆ ಕೇಳಿದರೆ ಆಗ ಮ್ಯಾನೇಜರ್ ಹತ್ತಿರ ಹೋಗಿ. ಆಗಲೂ ವ್ಯಕ್ತಿ ಬಗ್ಗೆ ಅಲ್ಲ, ಕೆಲಸದ ಬಗ್ಗೆ: "ವಾರದ ವರದಿ ಯಾರದ್ದು ಅಂತ ನೀವೇ ಒಮ್ಮೆ ಸ್ಪಷ್ಟ ಮಾಡಿದರೆ ಒಳ್ಳೇದು."

ಮಾನವಸಂಪನ್ಮೂಲ

ಮೂರ್ನಾಲ್ಕು ವಾರ ಜಾಸ್ತಿ ಆಯ್ತು. ಅಷ್ಟರಲ್ಲಿ ಒಂದು ವರದಿ ತಪ್ಪಿಹೋದರೆ ಮ್ಯಾನೇಜರ್ ಮೊದಲು ಕೇಳೋದೇ "ನನಗೆ ಯಾಕೆ ಹೇಳಲಿಲ್ಲ" ಅಂತ. ನಾನಾದರೆ ಸಹೋದ್ಯೋಗಿ ಜೊತೆ ಮಾತಾಡಿದ ದಿನವೇ ಹೇಳ್ತೀನಿ.

ವಾರದವರದಿ

ಇಬ್ಬರದ್ದೂ ಸರಿ ಅನಿಸ್ತಿದೆ, ನಮ್ಮ ಮ್ಯಾನೇಜರ್ ಸ್ವಭಾವ ನೋಡಿ ತೀರ್ಮಾನ ಮಾಡ್ತೀನಿ. ಮಂಗಳವಾರ ಬೆಳಗ್ಗೆ ಹೇಳೋಕೆ ಹೀಗೆ ಬರೆದುಕೊಂಡಿದ್ದೀನಿ, ನೋಡಿ:

"ಕ್ಷಮಿಸಿ, ತಪ್ಪು ತಿಳ್ಕೋಬೇಡಿ, ನನಗೂ ಹೇಳೋಕೆ ಕಷ್ಟ ಆಗ್ತಿದೆ. ಶುಕ್ರವಾರದ ವರದಿ ನನಗೆ ಸ್ವಲ್ಪ ಭಾರ ಆಗ್ತಿದೆ. ಸಾಧ್ಯವಾದರೆ ಮುಂದಿನ ವಾರಗಳಲ್ಲಿ ನೀವೇ ಮಾಡಿದರೆ ಒಳ್ಳೇದು. ಈ ಶುಕ್ರವಾರ ಬೇಕಾದರೆ ಒಟ್ಟಿಗೆ ಕೂತು ವರ್ಗಗಳನ್ನು ನೋಡೋಣ. ಬೇರೆ ತೊಂದರೆ ಇದ್ದರೆ ಹೇಳಿ."

ತಂಡದಹೊಣೆ

ಕೊನೆಯ ಎರಡು ಸಾಲು ಚೆನ್ನಾಗಿವೆ. ಮೊದಲ ಮೂರನ್ನು ಬದಲಾಯಿಸಿ. ಕ್ಷಮೆ, ತಪ್ಪು ತಿಳ್ಕೋಬೇಡಿ, ಕಷ್ಟ ಆಗ್ತಿದೆ ಅಂತ ಶುರು ಮಾಡಿದರೆ ಅವರು ನಿಮ್ಮನ್ನು ಸಮಾಧಾನ ಮಾಡೋಕೆ ಕೂರ್ತಾರೆ. "ಸ್ವಲ್ಪ ಭಾರ" ಅಂದರೆ "ಸ್ವಲ್ಪ ಕಡಿಮೆ ಮಾಡೋಣ" ಅಂತ ಉತ್ತರ ಬರುತ್ತೆ, ವಾರ ಬಿಟ್ಟು ವಾರ ಮಾಡು ಅಂತಾರೆ. "ಸಾಧ್ಯವಾದರೆ" ಅಂದರೆ ಅವರಿಗೆ ಸಾಧ್ಯವಾಗಲ್ಲ. "ಮುಂದಿನ ವಾರಗಳಲ್ಲಿ" ಅನ್ನೋದರಲ್ಲಿ ದಿನಾಂಕವೇ ಇಲ್ಲ. "ಬೇಕಾದರೆ" ಕೂಡ ತೆಗೆಯಿರಿ, ಕೂರೋದು ಖಚಿತ ಇರಲಿ. ಹೀಗೆ ಮಾಡಿ:

"ಶುಕ್ರವಾರದ ವರದಿ ಬಗ್ಗೆ ಮಾತಾಡಬೇಕಿತ್ತು. ಅದನ್ನು ಇನ್ನು ನಾನು ಮುಂದುವರಿಸಲ್ಲ. ಈ ಶುಕ್ರವಾರ ಎರಡೂವರೆಗೆ ಒಟ್ಟಿಗೆ ಕೂತು ವರ್ಗಗಳನ್ನು ನೋಡೋಣ, ನೀವೇ ಮಾಡಿ, ನಾನು ಪಕ್ಕದಲ್ಲಿರ್ತೀನಿ. ಮುಂದಿನ ಶುಕ್ರವಾರ ನಾಲ್ಕು ಗಂಟೆವರೆಗೆ ಡೌಟ್ ಕೇಳಬಹುದು. ಅದರ ಮುಂದಿನ ವಾರದಿಂದ ಪೂರ್ತಿ ನಿಮ್ಮದು. ಬೇರೆ ಏನಾದರೂ ತೊಂದರೆ ಇದ್ದರೆ ಹೇಳಿ, ಅದನ್ನು ಬೇರೆಯಾಗಿ ನೋಡೋಣ."

ಎರಡೂವರೆ ಅಂತ ಬೇಕಂತಲೇ ಹಾಕಿದ್ದೀನಿ. ಮೂರೂವರೆಗೆ ಕೂತರೆ ಸಮಯ ಸಾಲದೆ ಮೌಸ್ ನಿಮ್ಮ ಕೈಗೆ ಬರುತ್ತೆ. ಹೇಳಿದ ಮೇಲೆ ಆ ದಿನ ಊಟಕ್ಕೆ ಎಂದಿನಂತೆ ಅವರನ್ನು ನೀವೇ ಕರೆಯಿರಿ. ತಪ್ಪಿಸಿಕೊಂಡು ಓಡಾಡಿದರೆ ಸಿಟ್ಟಾಗಿದ್ದೀರಿ ಅಂತ ಓದಿಕೊಳ್ತಾರೆ.

ಹೆಗಲುಕೊಡು

"ಮುಂದುವರಿಸಲ್ಲ" ಅನ್ನೋದು ನನಗಿನ್ನೂ ಒರಟು ಅನಿಸುತ್ತೆ. "ಮುಂದುವರಿಸೋಕೆ ಆಗಲ್ಲ" ಅಂತ ಮೇಡಂ ಅವರೇ ಮೊದಲು ಬರೆದಿದ್ದರು, ಅದೇ ಇರಲಿ.

ತಂಡದಹೊಣೆ

ಹೌದು, ಅದು ಮೆತ್ತಗಿದೆ. ನಿಮ್ಮ ಬಾಯಿಗೆ ಯಾವುದು ಸಹಜವಾಗಿ ಬರುತ್ತೋ ಅದನ್ನೇ ಹೇಳಿ. "ಯಾಕೆ ಆಗಲ್ಲ?" ಅಂತ ತಿರುಗಿ ಕೇಳಿದರೆ ಶುಕ್ರವಾರ ಮಧ್ಯಾಹ್ನದ ನಿಮ್ಮ ಬಾಕಿ ಕೆಲಸದ ಮಾತು ಒಂದೇ ಸಲ ಹೇಳಿ, ಅಲ್ಲಿಗೆ ಬಿಡಿ.

ವಾರದವರದಿ

ಬರೆದುಕೊಂಡೆ. ಒಂದೇ ಒಂದು ಉಳಿದಿದೆ. ಮೂರನೇ ಶುಕ್ರವಾರ ಅವರು ಮಾಡಿದ ವರದಿಯಲ್ಲಿ ತಪ್ಪು ಇದೆ ಅಂತ ಐದು ಗಂಟೆಗೆ ಮುಂಚೆ ನನ್ನ ಕಣ್ಣಿಗೆ ಬಿದ್ದರೆ?

ಕಡತ

ಎಷ್ಟು ದೊಡ್ಡ ತಪ್ಪು ಅನ್ನೋದು ನೋಡಿ. ಒಂದೆರಡು ಸಾಲು ಬೇರೆ ವರ್ಗಕ್ಕೆ ಬಿದ್ದಿದ್ದರೆ ಹೋಗಲಿ ಬಿಡಿ, ಮ್ಯಾನೇಜರ್ ಕೇಳ್ತಾರೆ, ಅವರೇ ಕಲೀತಾರೆ. ಒಟ್ಟು ಸಂಖ್ಯೆಯೇ ತಪ್ಪಿದ್ದರೆ, ಅಥವಾ ವರದಿ ಗ್ರಾಹಕರಿಗೂ ಹೋಗೋದಾದರೆ, ಫೋನ್ ಮಾಡಿ "ಒಟ್ಟು ಕೂಡಿಸಿದ್ದು ಇನ್ನೊಮ್ಮೆ ನೋಡಿ" ಅನ್ನಿ. ಫೈಲ್ ಮಾತ್ರ ತೆರೆಯಬೇಡಿ.

ನೇರಮಾತು

ನಾನಾದರೆ ಫೋನೂ ಮಾಡಲ್ಲ.

ಕಡತ

ಗ್ರಾಹಕರಿಗೆ ಹೋಗೋ ಅಂಕಿ ತಪ್ಪು ಅಂತ ಗೊತ್ತಿದ್ದೂ ಸುಮ್ಮನಿರೋದು ನನಗೆ ಆಗಲ್ಲ ನೇರಮಾತು ಅವರೇ. ಹಾಗೆ ಮಾಡಿದರೆ ಪೆಟ್ಟು ಬೀಳೋದು ಸಹೋದ್ಯೋಗಿಗಲ್ಲ, ಗ್ರಾಹಕರಿಗೆ.